1 ಓಮ್‌ಗಿಂತ ಕಡಿಮೆ ಬಂದರೆ ಸಾಕಾ?

"ನಮ್ಮ ಸಬ್‌ಸ್ಟೇಷನ್ ಅರ್ಥ್ ಗ್ರಿಡ್ 0.8 ಓಮ್ ಬಂದಿದೆ. ಟಚ್ ಪೊಟೆನ್ಷಿಯಲ್ ಸೇಫ್ ಅಲ್ವಾ ಸರ್?"

ಅದೊಂದನ್ನೇ ನೋಡಿ ಹೇಳೋಕಾಗಲ್ಲ. ಫಾಲ್ಟ್ ಆದಾಗ ಗ್ರಿಡ್ ಮೂಲಕ ಭೂಮಿಗೆ 5,000 ಆಂಪಿಯರ್ ಇಳಿಯಿತು ಅಂದುಕೊಳ್ಳಿ. ಆಗ ಇಡೀ ಗ್ರಿಡ್ 4,000 ವೋಲ್ಟ್‌ಗೆ ಏರುತ್ತದೆ. ಆದರೆ ಸ್ಟ್ರಕ್ಚರ್ ಮುಟ್ಟಿದವನಿಗೆ ಮುಖ್ಯವಾಗುವುದು ಕೈಗೂ ಕಾಲಿಗೂ ನಡುವಿನ ವೋಲ್ಟೇಜ್ ವ್ಯತ್ಯಾಸ, ಅದೇ ಟಚ್ ಪೊಟೆನ್ಷಿಯಲ್. ಅದು ಯಾರ್ಡಿನ ಮೂಲೆಯ ಮೆಶ್‌ಗಳಲ್ಲೇ ಜಾಸ್ತಿ. ಅಲ್ಲಿ 15% ಅಂದರೂ 600 ವೋಲ್ಟ್.

ಇನ್ನು ದೇಹ ಎಷ್ಟು ವೋಲ್ಟ್ ತಡೆದುಕೊಳ್ಳಬಹುದು? IEEE 80 ಸ್ಟ್ಯಾಂಡರ್ಡ್ ಪ್ರಕಾರ 50 ಕೆಜಿ ತೂಕದವರಿಗೆ:

```
E = (1000 + 1.5·Cs·ρs) × 0.116/√t
```

ಇಲ್ಲಿ E ಟಚ್ ಪೊಟೆನ್ಷಿಯಲ್‌ನ ಮಿತಿ, ρs ಕಾಲಡಿಯ ಪದರದ ರೆಸಿಸ್ಟಿವಿಟಿ, Cs ಆ ಪದರದ ದಪ್ಪಕ್ಕೆ ತಕ್ಕ ಗುಣಕ (ಬರಿ ಮಣ್ಣಿಗೆ 1), t ಫಾಲ್ಟ್ ಇರುವ ಸೆಕೆಂಡುಗಳು. ಫಾಲ್ಟ್ 0.5 ಸೆಕೆಂಡಿನಲ್ಲಿ ಕ್ಲಿಯರ್ ಆದರೆ, 100 ಓಮ್-ಮೀಟರ್‌ನ ಬರಿ ಮಣ್ಣಿನ ಮೇಲೆ ಮಿತಿ ಸುಮಾರು 189 ವೋಲ್ಟ್. ಅದರ ಮೇಲೆ 10 ಸೆಂ.ಮೀ. ಜಲ್ಲಿ (ಒದ್ದೆಯಾದಾಗ 3,000 ಓಮ್-ಮೀಟರ್, Cs 0.7) ಹಾಕಿದರೆ ಸುಮಾರು 680. ಅಂದರೆ ನಿಮ್ಮನ್ನು ಕಾಯುತ್ತಿರುವುದು 0.8 ಅಲ್ಲ, ಜಲ್ಲಿ! ಎರಡು ಕಾಲುಗಳ ನಡುವೆ ಬರುವ ಸ್ಟೆಪ್ ಪೊಟೆನ್ಷಿಯಲ್‌ಗೆ ಮಿತಿ ಇನ್ನೂ ಜಾಸ್ತಿ, ಸಾಮಾನ್ಯವಾಗಿ ತೊಂದರೆ ಕೊಡಲ್ಲ.

ಕೆಳಗಿನ ಮಣ್ಣಿನ ರೆಸಿಸ್ಟಿವಿಟಿ ಕಡಿಮೆ ಇರಬೇಕು, ಕಾಲಡಿಯದ್ದು ಜಾಸ್ತಿ ಇರಬೇಕು. ನಾನು ನೋಡಿದ ಒಂದು ಯಾರ್ಡಿನಲ್ಲಿ ಜಲ್ಲಿಯ ಸಂದೆಲ್ಲ ಕೆಸರು ತುಂಬಿ ಹುಲ್ಲು ಬೆಳೆದಿತ್ತು. ಮೆಗ್ಗರ್ ರೀಡಿಂಗ್ ಮಾತ್ರ ಚೆನ್ನಾಗೇ ಇತ್ತು. ನಿಮ್ಮಲ್ಲಿ ಮೂಲೆಯ ಜಲ್ಲಿ ಸ್ವಲ್ಪ ಕೆದಕಿ ನೋಡಿ.