ವೀರಗಲ್ಲಿನ "ಕಾದಿ ಸತ್ತ"
"ನಮ್ಮೂರ ವೀರಗಲ್ಲಲ್ಲಿ 'ತುಱುವಂ ಮಗುೞ್ಚಿ ಕಾದಿ ಸತ್ತ' ಅಂತಿದೆ, ದನ ಬೀಳಿಸಿ ಕಾಯ್ತಾ ಕೂತು ಸತ್ನಾ?"

ಇಲ್ಲ ಸರ್, ಹೋರಾಡಿ ಸತ್ತ. ಹಳಗನ್ನಡದಲ್ಲಿ 'ಕಾದು' ಅಂದ್ರೆ ಯುದ್ಧ ಮಾಡು, ಅದ್ರಿಂದ ಬಂದಿದ್ದೇ 'ಕಾದಿ', ಅಂದ್ರೆ ಹೋರಾಡಿ. ಈಗ ನಾವು ಬಸ್ಸಿಗೆ ಕಾದು ಕಾದು ಸಾಕಾಯ್ತು ಅಂತೀವಲ್ಲ ಅದು 'ಕಾಯ್' ಅನ್ನೋ ಬೇರೆ ಧಾತು, ಕಾಪಾಡು ಅನ್ನೋ ಅರ್ಥನೂ ಅದಕ್ಕೇ ಇದೆ, ಹಂಗಾಗಿ ಕಲ್ಲಲ್ಲಿ ಕೊನೇ ಅಕ್ಷರ 'ದಿ'ನಾ 'ದು'ನಾ ಅಂತ ಸರಿಯಾಗಿ ನೋಡ್ಬೇಕು, ಸವೆದಿದ್ರೆ ಅಲ್ಲೇ ಎಡವಟ್ಟಾಗೋದು. ಹಳೇ ಕ್ರಿಯಾಪದ ಪೂರ್ತಿ ಹೋಗಿಲ್ಲ ಬಿಡಿ, 'ಕಾದಾಟ'ದಲ್ಲಿ ಉಳ್ಕೊಂಡಿದೆ.

'ಮಗುೞ್ಚಿ'ಗೂ ಅದೇ ಕಥೆ. ದೋಸೆ ಮಗುಚಿ ಹಾಕು ಅಂತೀವಲ್ಲ ಅದೇ ಪದ, ಆದ್ರೆ ಆಗ 'ಹಿಂದಕ್ಕೆ ತಿರುಗಿಸು' ಅನ್ನೋ ಅರ್ಥದಲ್ಲೂ ಬಳಸ್ತಿದ್ರು. ತುಱು ಅಂದ್ರೆ ದನ. ಶತ್ರುಗಳು ಹೊಡ್ಕೊಂಡು ಹೋಗ್ತಿದ್ದ ದನಗಳನ್ನ ವಾಪಸ್ ತಿರುಗಿಸಿ, ಹೋರಾಡಿ ಸತ್ತ ಅಂತ ಓದ್ಕೊಳ್ಳಿ.

ಡೌಟಿದ್ರೆ ಕಲ್ಲಿನ ಕೆಳಗಿನ ಪಟ್ಟಿಕೆ ನೋಡಿ, ತುರುಗೋಳ್ ಅಂದ್ರೆ ದನ ಹೊಡ್ಕೊಂಡು ಹೋಗೋ ದಾಳಿ, ಅಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಅಲ್ಲೇ ಕಾಳಗ ಕೆತ್ತಿರ್ತಾರೆ, ಪಕ್ಕದಲ್ಲಿ ದನಗಳೂ ಇರ್ತವೆ.