ಚಿಕ್ಕಪ್ಪನ 38 ಫೋಟೋ

ಪ್ರಶ್ನೆ: ಮುಂದಿನ ತಿಂಗಳು ತಂಗಿ ಮದುವೆ. ಬಂದವರು ಅವರವರ ಫೋನಲ್ಲಿ ತೆಗೆದ ಫೋಟೋಗಳನ್ನೆಲ್ಲ ಒಂದೇ ಆಲ್ಬಂಗೆ ಹಾಕೋ ಹಾಗೆ ಮಾಡಬೇಕು. ಯಾವ ಆ್ಯಪ್ ಒಳ್ಳೇದು?

ಆ್ಯಪ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಾನು ಅಕ್ಕನ ಮದುವೆಗೆ ಎರಡು ವಾರ ಅದನ್ನೇ ಹುಡುಕುತ್ತಾ ಕೂತಿದ್ದೆ, ಕೆಟ್ಟದ್ದು ಮಾತ್ರ ಬೇರೆ ಕಡೆ.

ಮದುವೆ ಸಾಗರದಲ್ಲಿ. ಗೂಗಲ್ ಫೋಟೋಸ್‌ನಲ್ಲಿ ಆಲ್ಬಂ ಮಾಡಿದೆ, ನಮ್ಮ ನೆಂಟರಲ್ಲಿ ಮುಕ್ಕಾಲು ಜನರ ಫೋನಲ್ಲಿ ಅದು ಮೊದಲೇ ಇತ್ತು. ಲಿಂಕ್ ತೆಗೆದು, Collaborate ಆನ್ ಮಾಡಿ, ಕ್ಯೂಆರ್ ಕೋಡ್ ಪ್ರಿಂಟ್ ಹಾಕಿಸಿ ಊಟದ ಹಾಲ್ ಬಾಗಿಲಿಗೆ ಅಂಟಿಸಿದೆ. ಪಂಕ್ತಿಗೆ ಕಾಯುವಾಗ ಜನ ಹೇಗೂ ಫೋನ್ ನೋಡುತ್ತಲೇ ನಿಂತಿರುತ್ತಾರೆ, ಅಲ್ವಾ. ಮಂಟಪದಲ್ಲಿ ನೆಟ್‌ವರ್ಕ್ ಸತ್ತೇ ಹೋಗಿತ್ತು, ಹಾಗಾಗಿ ಅವತ್ತು ಬಂದಿದ್ದು ಬರೀ ಇಪ್ಪತ್ತೋ ಮೂವತ್ತೋ. ಮರುದಿನ ಫ್ಯಾಮಿಲಿ ಗ್ರೂಪಿಗೆ ಅದೇ ಲಿಂಕ್ ಹಾಕಿದ ಮೇಲೆ ಶುರುವಾಯ್ತು ನೋಡಿ, ವಾರದಲ್ಲಿ 612 ಫೋಟೋ.

ಅದರಲ್ಲಿ 38 ನಮ್ಮ ಚಿಕ್ಕಪ್ಪನದು, ಪೂರ್ತಿ ಕಾಶಿಯಾತ್ರೆ. ಆ ಹೊತ್ತಿಗೆ ಫೋಟೋಗ್ರಾಫರ್ ಕೆಳಗೆ ತಿಂಡಿಗೆ ಕೂತಿದ್ದ. ಭಾವ ಕೊಡೆ ಬಿಚ್ಚಿಕೊಂಡು ಹೊರಟವರು ಮೆಟ್ಟಿಲ ಹತ್ತಿರ ಹೊಸ ಚಪ್ಪಲಿಯ ಬಾರು ಕಿತ್ತು ಒಂಟಿ ಕಾಲಲ್ಲಿ ನಿಂತಿದ್ದರು. ಅಪ್ಪ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಚಪ್ಪಲಿ ಹಿಡಿದು ನಗುತ್ತಿದ್ದಾರೆ. ಅಪ್ಪ ಹಾಗೆ ಬಾಯ್ತುಂಬ ನಕ್ಕ ಫೋಟೋ ಮನೆಯಲ್ಲಿ ಇನ್ನೊಂದಿಲ್ಲ.

ಮೂರು ತಿಂಗಳ ಮೇಲೆ ಪ್ರಿಂಟ್ ಆಲ್ಬಂ ಮಾಡಿಸೋಣ ಅಂತ ತೆಗೆದು ನೋಡಿದರೆ 574 ಇದೆ. ಕಾಶಿಯಾತ್ರೆ ಇಲ್ಲವೇ ಇಲ್ಲ.

ಆಗಿದ್ದು ಇಷ್ಟೇ. ಆಲ್ಬಂ ನಂದು ಅಂದ ಮಾತ್ರಕ್ಕೆ ಫೋಟೋ ನಂದಾಗಲ್ಲ. ಚಿಕ್ಕಪ್ಪ ಹಾಕಿದ ಫೋಟೋ ಇರುವುದು ಚಿಕ್ಕಪ್ಪನ ಖಾತೆಯಲ್ಲಿ, ಜಾಗ ಹಿಡಿಯುವುದೂ ಅವರ ಉಚಿತ 15 ಜಿಬಿಯಲ್ಲೇ, ನನ್ನ ಆಲ್ಬಂ ಅದನ್ನು ತೋರಿಸುತ್ತೆ ಅಷ್ಟೆ. ಅವರ ಫೋನ್ ತುಂಬಿತು. ಅವರು Free up space ಒತ್ತಿದ್ದರೆ ಏನೂ ಆಗುತ್ತಿರಲಿಲ್ಲ, ಫೋನಿನ ಪ್ರತಿ ಮಾತ್ರ ಹೋಗಿ ಆನ್‌ಲೈನ್ ಪ್ರತಿ ಉಳಿಯುತ್ತಿತ್ತು. ಅವರು ಅದೇ ಆ್ಯಪ್‌ನಲ್ಲಿ ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಕೊಟ್ಟರು. ಹಾಗೆ ಮಾಡಿದರೆ ಎರಡೂ ಕಡೆ ಹೋಗುತ್ತೆ, ಜೊತೆಗೆ ಆಲ್ಬಂನಿಂದಲೂ. ಬ್ಯಾಕಪ್ ಆದ ಫೋಟೋ ಬಿನ್‌ನಲ್ಲಿ 60 ದಿನ ಇರುತ್ತೆ, ನಾನು ನೋಡುವ ಹೊತ್ತಿಗೆ ಅದೂ ದಾಟಿತ್ತು. ನನಗೊಂದು ನೋಟಿಫಿಕೇಶನ್ ಕೂಡ ಬಂದಿರಲಿಲ್ಲ. ಚಿಕ್ಕಪ್ಪನನ್ನು ಕೇಳಿದರೆ, "ನಿನ್ನ ಆಲ್ಬಂಗೆ ಹಾಕಿದ್ದೆನಲ್ಲೋ, ಇನ್ನು ನನ್ನ ಹತ್ರ ಯಾಕೆ ಅಂತ ತೆಗೆದೆ" ಅಂದರು. ಅವರದ್ದೇನೂ ತಪ್ಪಿಲ್ಲ, ನಾನಾದರೂ ಹಾಗೇ ಅಂದುಕೊಂಡಿದ್ದೆ.

ತಪ್ಪು ನಂದೇ. ಒಂದೊಂದು ಫೋಟೋಗೂ Save ಅಂತ ಇರುತ್ತೆ, ಅದನ್ನು ಒತ್ತಿದರೆ ನಮ್ಮ ಖಾತೆಗೆ ಬೇರೆ ಪ್ರತಿ ಬರುತ್ತೆ, ಆಮೇಲೆ ಅವರು ಅಳಿಸಿದರೂ ನಮ್ಮದು ಉಳಿಯುತ್ತೆ. ನನ್ನ 15 ಜಿಬಿ ಆಗಲೇ ತುಂಬಿತ್ತು, ಆಮೇಲೆ ಮಾಡೋಣ ಅಂತ ಬಿಟ್ಟೆ. ಉಳಿದಿದ್ದು ಚಿಕ್ಕಪ್ಪ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ ಆರು. ಅವುಗಳ ಉದ್ದ 1600 ಪಿಕ್ಸೆಲ್. 12 ಇಂಚಿನ ಪುಟಕ್ಕೆ ಇಂಚಿಗೆ 300ರಂತೆ 3600 ಬೇಕು. ಸ್ಟುಡಿಯೋದವನು ನೋಡಿ, "ಕಾರ್ಡ್ ಸೈಜಿಗೆ ಸರಿ ಹೋಗುತ್ತೆ ಸಾರ್" ಅಂದ. ಅಪ್ಪನ ನಗು ಈಗ ಆಲ್ಬಂನ ಮೂಲೆಯಲ್ಲಿ ಅಂಗೈಯಷ್ಟು ಇದೆ.

ಹಾಗಾಗಿ ಮದುವೆ ಆದ ವಾರದೊಳಗೆ ಕಂಪ್ಯೂಟರ್‌ನಲ್ಲಿ ಆಲ್ಬಂ ತೆರೆದು, ಮೂರು ಚುಕ್ಕಿ ಒತ್ತಿ, Download all ಕೊಟ್ಟು ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಿ. ಆಲ್ಬಂನಲ್ಲಿ ಎಷ್ಟಿತ್ತು, ಇಳಿದಿದ್ದು ಎಷ್ಟು, ಎಣಿಕೆ ತಾಳೆ ನೋಡಿ. ಹದಿನೈದು ದಿನ ಬಿಟ್ಟು ಇನ್ನೊಂದು ಸಲ ಇಳಿಸಿ, ತಡವಾಗಿ ಹಾಕುವವರು ಇದ್ದೇ ಇರುತ್ತಾರೆ. ಫೋಟೋಗೆ ನಾಲ್ಕು ಎಂಬಿ ಅಂತ ಇಟ್ಟುಕೊಂಡರೂ ಆರುನೂರಕ್ಕೆ ಎರಡೂವರೆ ಜಿಬಿ ಆಗಲ್ಲ. ವಿಡಿಯೋ ಬಂದರೆ ಮಾತ್ರ ಜಾಸ್ತಿ.

ಐಕ್ಲೌಡ್ ಶೇರ್ಡ್ ಆಲ್ಬಂ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಆಂಡ್ರಾಯ್ಡ್‌ನವರು ಅದಕ್ಕೆ ಫೋಟೋ ಹಾಕೋಕಾಗಲ್ಲ, ಫೋಟೋವನ್ನೂ ಅದು 2048 ಪಿಕ್ಸೆಲ್‌ಗೆ ಕುಗ್ಗಿಸುತ್ತೆ.

ಇನ್ನೊಂದು, ಎಲ್ಲರೂ ಅವರಾಗೇ ಹಾಕುತ್ತಾರೆ ಅನ್ನೋದನ್ನು ನಂಬಬೇಡಿ. ಗೂಗಲ್ ಖಾತೆಯ ಪಾಸ್‌ವರ್ಡ್ ಮರೆತ ಅತ್ತೆ, ಸ್ಕ್ಯಾನ್ ಮಾಡೋಕೆ ಬಾರದ ದೊಡ್ಡಪ್ಪ ಎಲ್ಲರ ಮನೆಯಲ್ಲೂ ಇರುತ್ತಾರೆ, ಒಳ್ಳೆ ಫೋಟೋ ಇರೋದೂ ಅವರ ಹತ್ತಿರವೇ. ಬೀಗರೂಟದ ದಿನ ಅಂಥ ಐದಾರು ಜನರ ಪಕ್ಕ ಕೂತು Quick Share‌ನಲ್ಲಿ ನಿಮ್ಮ ಫೋನಿಗೆ ತಗೊಳ್ಳಿ. ಇಂಟರ್ನೆಟ್ ಬೇಡ, ಫೋಟೋ ಕುಗ್ಗುವುದೂ ಇಲ್ಲ. ಆದರೆ ನಿಮ್ಮ ಫೋನಲ್ಲಿ ಅಷ್ಟು ಜಾಗ ಖಾಲಿ ಇದೆಯಾ ಅಂತ ಹಿಂದಿನ ರಾತ್ರಿನೇ ನೋಡಿಕೊಳ್ಳಿ.