ಎರಡನೇ ತಾರೀಖಿನ ಕಂತು

(ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ, ಮೊತ್ತಗಳನ್ನು ತುಸು ಬದಲಿಸಿದ್ದೇನೆ.)

ಜುಲೈ ಮೊದಲ ವಾರ ಗಂಡ ಹೆಂಡತಿ ಇಬ್ಬರೂ ಹಣದ ಸಲಹೆಗೆಂದು ನನ್ನ ಬಳಿ ಬಂದರು. ಗಂಡ ಖಾಸಗಿ ಕಂಪನಿಯ ನೌಕರ, ಕೈಗೆ ಸಿಗುವ ಸಂಬಳ 46,000 ರೂಪಾಯಿ. ಕುಳಿತವರೇ ಮೊಬೈಲನ್ನು ನನ್ನ ಮುಂದಿಟ್ಟರು. ಒಂದನೇ ತಾರೀಖಿನ ಮ್ಯೂಚುವಲ್ ಫಂಡ್ ಎಸ್‌ಐಪಿ, ಎರಡನೇ ತಾರೀಖಿನ ಸ್ಕೂಟರ್ ಸಾಲದ ಕಂತು, ಎರಡೂ ಖಾತೆಯಲ್ಲಿ ಹಣವಿಲ್ಲದೆ ಮರಳಿದ್ದವು. ಕಂತು ಮರಳಿದ್ದಕ್ಕೆ ಬ್ಯಾಂಕಿನ ಶುಲ್ಕ, ಅದಕ್ಕೆ ಜಿಎಸ್‌ಟಿ, ಸಾಲ ಕೊಟ್ಟವರ ದಂಡ ಬೇರೆ.

"ಎಲ್ಲವೂ ತಾನಾಗಿಯೇ ಕಡಿತವಾಗುವಂತೆ ಮಾಡಿದ್ದೇನೆ ಮೇಡಂ. ಆದರೂ ಹೀಗೆ" ಎಂದರು ಗಂಡ.

"ಜೂನ್‌ನಲ್ಲಿ ಆರ್‌ಡಿ ಮುರಿಸಿದ್ದನ್ನೂ ಹೇಳಿ" ಎಂದರು ಹೆಂಡತಿ, ಚೀಲದಿಂದ ಶಾಲಾ ಶುಲ್ಕದ ರಸೀದಿ ತೆಗೆಯುತ್ತ.

ಇವರು ದುಂದುಗಾರರಲ್ಲ. ಪಾಸ್‌ಬುಕ್ಕಿನ ಆರು ತಿಂಗಳ ಪುಟಗಳಲ್ಲಿ ಸಂಬಳ ಜಮೆಯಾದ ದಿನಗಳಿಗೆ ಪೆನ್ಸಿಲ್ ಗುರುತು ಹಾಕಿಸಿದೆ. ಬೇಗ ಎಂದರೆ 30, ತಡ ಎಂದರೆ 4. 'ಸಂಬಳದ ದಿನ ಒಂದನೇ ತಾರೀಖು' ಎಂಬುದು ಅವರ ನಂಬಿಕೆಯಷ್ಟೇ ಆಗಿತ್ತು. ಹಾಗಾಗಿ ಮೊದಲ ಸಲಹೆ: ಅತಿ ತಡವಾದ ದಿನಕ್ಕೆ ಎರಡು ದಿನ ಸೇರಿಸಿ, ಎಲ್ಲ ವರ್ಗಾವಣೆಯನ್ನೂ 6ಕ್ಕೆ ಇಡಿ.

ಸಂಬಳದ ಖಾತೆಯ ಜೊತೆಗೆ ಇನ್ನು ಮೂರು ಖಾತೆ: ಬಿಲ್ಲಿಗೊಂದು, ಗುರಿಗೊಂದು, ಖರ್ಚಿಗೊಂದು. ಕನಿಷ್ಠ ಬ್ಯಾಲೆನ್ಸ್ ಕೇಳದ ಖಾತೆಗಳನ್ನೇ ಆರಿಸಿಕೊಳ್ಳಲು ಹೇಳಿದೆ. ಇಲ್ಲದಿದ್ದರೆ ಖಾಲಿಯಾಗಲೆಂದೇ ತೆರೆದ ಖಾತೆಗೆ ದಂಡ ಕಟ್ಟಬೇಕಾಗುತ್ತದೆ. ಬಾಡಿಗೆ, ಕಂತು, ವಿದ್ಯುತ್, ಗ್ಯಾಸ್, ಶಾಲಾ ವ್ಯಾನು, ಊರಿನಲ್ಲಿರುವ ತಾಯಿಗೆ ಕಳುಹಿಸುವ ಹಣ ಸೇರಿ 22,500 ರೂಪಾಯಿ ಬಿಲ್ಲಿನ ಖಾತೆಗೆ.

ಸಾಲ ಕೊಟ್ಟವರು ಮಾತ್ರ ಕಂತಿನ ದಿನ ಬದಲಿಸಲು ಒಪ್ಪಲಿಲ್ಲ. ಒಪ್ಪದಿದ್ದರೂ ತೊಂದರೆಯಿಲ್ಲ. ಜುಲೈ ಕಂತನ್ನು ದಂಡ ಸಮೇತ ಕಟ್ಟಿಯಾಗಿತ್ತು. ಜುಲೈ 6ರಂದು ಹೋದ ಹಣದಲ್ಲಿ ಆ ತಿಂಗಳ ಬಿಲ್ಲುಗಳು ತೀರಿ, ಆಗಸ್ಟ್ 2ರ ಕಂತಿಗೆ ಬೇಕಾದ 3,400 ರೂಪಾಯಿ ಖಾತೆಯಲ್ಲೇ ಉಳಿಯುತ್ತದೆ. ಸಂಬಳ ಎಂದು ಬರುತ್ತದೆ ಎಂಬುದಕ್ಕೂ ಕಂತಿಗೂ ಸಂಬಂಧವೇ ಇರುವುದಿಲ್ಲ. ಪರೀಕ್ಷೆಯೂ ಇದರಲ್ಲೇ ಇದೆ. ಪ್ರತಿ ತಿಂಗಳ ಒಂದನೇ ತಾರೀಖು ಆ ಖಾತೆಯಲ್ಲಿ 3,400ಕ್ಕಿಂತ ಕಡಿಮೆ ಕಂಡರೆ ಯಾವುದೋ ಬಿಲ್ಲು ಏರಿದೆ ಎಂದೇ ಅರ್ಥ. ಕಂತು ಮರಳುವ ಮುನ್ನವೇ ತಿಳಿಯುತ್ತದೆ.

ಒಂದು ಎಚ್ಚರಿಕೆ ಕೊಟ್ಟೆ. ಕಂತಿನ ಕಡಿತವನ್ನು ಹೊಸ ಖಾತೆಗೆ ಬದಲಿಸುವ ಮ್ಯಾಂಡೇಟ್ ಜಾರಿಗೆ ಬರಲು ವಾರಗಳೇ ಹಿಡಿಯಬಹುದು. ಹೊಸ ಖಾತೆಯಿಂದ ಮೊದಲ ಕಂತು ಹೋಗಿದ್ದನ್ನು ಕಣ್ಣಾರೆ ಕಾಣುವ ತನಕ ಹಳೆಯ ಖಾತೆಯಲ್ಲೂ ಅಷ್ಟು ಹಣ ಇರಲಿ.

ಇನ್ನು ಆ ರಸೀದಿ. ಶಾಲೆಗೆ 36,000, ಜೀವ ವಿಮೆಗೆ 18,000, ಗೌರಿ-ಗಣೇಶ ಮತ್ತು ದೀಪಾವಳಿಗೆ 9,000, ಸ್ಕೂಟರಿನ ವಿಮೆ ಮತ್ತು ಸರ್ವಿಸಿಗೆ 3,000. ವರ್ಷಕ್ಕೆ 66,000, ಅಂದರೆ ತಿಂಗಳಿಗೆ 5,500. ಇದು ಅವರ ಯಾವ ಲೆಕ್ಕದಲ್ಲೂ ಇರಲಿಲ್ಲ. ತಿಂಗಳಿಗೆ 10,000 ಉಳಿಸುತ್ತಿದ್ದೇವೆ ಎಂದುಕೊಂಡಿದ್ದರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲೇ ಶಾಲೆಗೂ ವಿಮೆಗೂ ಹಬ್ಬಕ್ಕೂ ಸೇರಿದ ಹಣ. ಆರ್‌ಡಿಯನ್ನು ಅವಧಿಗೆ ಮುನ್ನ ಮುರಿಸಿ ಬಡ್ಡಿ ಕಳೆದುಕೊಂಡದ್ದು ಅದರಿಂದಲೇ. ಹಾಗಾಗಿ ಗುರಿಯ ಖಾತೆಗೆ 10,500: ಅದರಲ್ಲಿ 5,500 ವರ್ಷದ ಖರ್ಚಿಗೆ, ಮುಟ್ಟದೆ ಹಾಗೆಯೇ, 2,000 ಆಪತ್ತಿಗೆ, 3,000 ಎಸ್‌ಐಪಿಗೆ, ಅದೂ ಹತ್ತನೇ ತಾರೀಖಿಗೆ.

"ಉಳಿತಾಯ ಅರ್ಧಕ್ಕೆ ಇಳಿಯಿತಲ್ಲ" ಎಂದು ಗಂಡ ಮುಖ ಚಿಕ್ಕದು ಮಾಡಿಕೊಂಡರು. ಇಳಿದದ್ದು ಕಾಗದದ ಮೇಲಿನ ಅಂಕಿ ಮಾತ್ರ ಎಂದು ಒಪ್ಪಿಸಲು ಆ ಭೇಟಿಯಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯಿತು.

ಉಳಿದ 13,000 ಖರ್ಚಿಗೆ. ಅದನ್ನು ಒಟ್ಟಿಗೆ ಕಳುಹಿಸಬೇಡಿ, ಸಂಬಳದ ಖಾತೆಯಲ್ಲೇ ಇಟ್ಟು ಪ್ರತಿ ಸೋಮವಾರ 3,000 ಹೋಗುವಂತೆ ಮಾಡಿ, ಫೋನಿನ ಯುಪಿಐಗೆ ಆ ಖರ್ಚಿನ ಖಾತೆ ಒಂದನ್ನೇ ಜೋಡಿಸಿ ಎಂದೆ. ತಿಂಗಳ ಹಣ 20ನೇ ತಾರೀಖಿಗೆ ಮುಗಿದರೆ ಹತ್ತು ದಿನ ಕ್ರೆಡಿಟ್ ಕಾರ್ಡು ಉಜ್ಜಬೇಕಾಗುತ್ತದೆ. ವಾರದ ಹಣ ಶನಿವಾರ ಮುಗಿದರೆ ಭಾನುವಾರ ಒಂದು ದಿನ ಮನೆಯ ಅನ್ನ ಸಾರು ಸಾಕು.

ಹೆಂಡತಿ ಕ್ಯಾಲೆಂಡರ್ ತಿರುವುತ್ತಿದ್ದರು. "ಐದು ಸೋಮವಾರ ಬರುವ ತಿಂಗಳಿಗೆ 15,000 ಬೇಕಲ್ಲ ಮೇಡಂ?"

ಬೇಕು. ನಾಲ್ಕು ಸೋಮವಾರದ ತಿಂಗಳಲ್ಲಿ ಉಳಿಯುವ ಸಾವಿರವನ್ನು ಮುಟ್ಟದಿದ್ದರೆ, ಎರಡು ತಿಂಗಳಿನದು ಸೇರಿ ಆ ಕೊರತೆ ತುಂಬುತ್ತದೆ. ವರ್ಷಕ್ಕೆ 52 ವಾರ ಹಿಡಿದು ಗುಣಿಸಿದರೂ 1,56,000, ಹದಿಮೂರು ಸಾವಿರವನ್ನು ಹನ್ನೆರಡರಿಂದ ಗುಣಿಸಿದರೂ ಅಷ್ಟೇ. ಆಕೆ ರಸೀದಿಯ ಹಿಂಭಾಗದಲ್ಲಿ ಗುಣಿಸಿ ನೋಡಿ, ಅದನ್ನು ಮಡಚಿ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡರು.

ಅಕ್ಟೋಬರ್‌ನಲ್ಲಿ ಸಂಬಳ 7ಕ್ಕೆ ಬಂತಂತೆ. ಆರರ ವರ್ಗಾವಣೆ ವಿಫಲವಾಯಿತು, ಕೈಯಾರೆ ಮಾಡಬೇಕಾಯಿತು. ಎರಡನೇ ತಾರೀಖಿನ ಕಂತು ಮಾತ್ರ ಎಂದಿನಂತೆ ಹೋಗಿತ್ತು.